ಮೊಟ್ಟೆಯನ್ನು ಹಿಡಿದಿಡುವ ಮಡಿಕೆ

ಅಂಡಾ ಪರಾಠವನ್ನು ಉತ್ತರ ಭಾರತದ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯಲ್ಲಿ ಮಾಡುತ್ತಾರೆ. ಒಂದರಲ್ಲಿ ಕಲಕಿದ ಮೊಟ್ಟೆಯನ್ನು ಪರಾಠದ ಮೇಲೆ ಸುರಿದು ಮಗುಚುತ್ತಾರೆ; ಕೋಲ್ಕತ್ತದ ಎಗ್ ರೋಲ್‌ನದೂ ಇದೇ ದಾರಿ. ಇನ್ನೊಂದರಲ್ಲಿ ಪದರದ ಪರಾಠ ಅರೆಬೆಂದು ಉಬ್ಬಿದಾಗ ಅಂಚನ್ನು ಬಿಡಿಸಿ ಮೊಟ್ಟೆಯನ್ನು ಒಳಗೇ ಹುಯ್ಯುತ್ತಾರೆ. ಚೀನಾದಲ್ಲಿ ಬೆಳಗಿನ ಹೊತ್ತು ಬೀದಿಬದಿ ಮಾರುವ ಜೀದಾನ್ ಗ್ವಾನ್‌ಬಿಂಗ್ ಕೂಡ ಹೀಗೆಯೇ ಆಗುತ್ತದೆ. ಎರಡನೆಯ ಕ್ರಮವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಮೊಟ್ಟೆಯನ್ನು ಯಾವ ಪದರಗಳ ನಡುವೆ ಸುರಿಯಬೇಕು ಎಂಬುದನ್ನು ತಿಳಿಯದೆ ಮಾಡಿದರೆ ಅದು ಅರ್ಧಕ್ಕರ್ಧ ಕಾವಲಿಯ ಪಾಲಾಗುತ್ತದೆ.

ಮೇಲು ಏಕೆಂದರೆ, ಹೊರಗೆ ಸುರಿದ ಮೊಟ್ಟೆಗೆ ಕಾದ ಕಾವಲಿ ನೇರವಾಗಿ ತಾಗುತ್ತದೆ, ಬೇಗ ಬಿರುಸಾಗುತ್ತದೆ. ಒಳಗೆ ಹೋದದ್ದು ಹಿಟ್ಟಿನ ಹಬೆಯಲ್ಲಿ ಬೇಯುವುದರಿಂದ ಮೆತ್ತಗುಳಿಯುತ್ತದೆ. ಬಂಗಾಳದ ಮೊಗಲಾಯಿ ಪರಾಠದಲ್ಲೂ ಮೊಟ್ಟೆ ಒಳಗೇ ಇರುತ್ತದೆ ನಿಜ. ಅಲ್ಲಿ ಹಸಿ ಮೈದಾ ಹಾಳೆಯೊಳಗೆ ಹಸಿ ಮೊಟ್ಟೆಯನ್ನಿಟ್ಟು ಮಡಚುವುದರಿಂದ, ಮಡಿಕೆಗಳು ಒಂದರ ಮೇಲೊಂದು ಬಿದ್ದ ಕಡೆ ಹಿಟ್ಟು ಬೇಯಲು ಎಣ್ಣೆ ಧಾರಾಳವಾಗಿ ಬೇಕು. ನಮ್ಮ ಪರಾಠದಲ್ಲಿ ರೊಟ್ಟಿ ಮೊದಲೇ ಅರೆಬೆಂದಿರುವುದರಿಂದ ಒಂದೆರಡು ಚಮಚ ತುಪ್ಪ ಸಾಕು.

ಇನ್ನು ಮಡಿಕೆಯ ವಿಷಯ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಎಣ್ಣೆ ಸವರಿ ಮಡಚಿ ಮಾಡುವ ತ್ರಿಕೋನ ಚಪಾತಿಯೇ ಇದಕ್ಕೂ ತಳಹದಿ. ಮೆತ್ತಗೆ ಕಲಸಿ ಅರ್ಧ ಗಂಟೆ ನೆನೆಸಿದ ಗೋಧಿ ಹಿಟ್ಟನ್ನು ದುಂಡಗೆ ಲಟ್ಟಿಸಿ, ತುಪ್ಪ ಸವರಿ, ಒಣಹಿಟ್ಟು ಉದುರಿಸಿ ಅರ್ಧಕ್ಕೆ ಮಡಚುತ್ತೇವೆ. ಮತ್ತೆ ಸವರಿ, ಉದುರಿಸಿ, ಕಾಲು ಭಾಗಕ್ಕೆ ಮಡಚುತ್ತೇವೆ. ಈಗ ನಾಲ್ಕು ಪದರಗಳಾದವು, ಅವುಗಳ ನಡುವೆ ಮೂರು ಸಂದುಗಳು. ನಟ್ಟನಡುವಿನ ಸಂದು ಸಲೀಸಾಗಿ ಬಾಯಿ ತೆರೆಯುತ್ತದೆ. ಕೈ ಮೊದಲು ಹೋಗುವುದೂ ಅಲ್ಲಿಗೇ. ತಪ್ಪುವುದೂ ಅಲ್ಲೇ. ಆ ಸಂದು ಕೊನೆಯ ಮಡಿಕೆಯ ಕಡೆ ಮಾತ್ರ ಮುಚ್ಚಿದೆ. ದುಂಡಂಚಿನಲ್ಲೂ ಇನ್ನೊಂದು ನೇರ ಅಂಚಿನಲ್ಲೂ ತೆರೆದೇ ಇರುವುದರಿಂದ ಸುರಿದ ಮೊಟ್ಟೆ ಪಕ್ಕದಿಂದ ಹೊರಬರುತ್ತದೆ. ಮೇಲಿನ ಎರಡು ಪದರಗಳ ನಡುವಿನ ಸಂದು ಹಾಗಲ್ಲ. ಒಂದು ನೇರ ಅಂಚಿನಲ್ಲಿ ಮೊದಲ ಮಡಿಕೆ ಅದನ್ನು ಮುಚ್ಚಿದೆ. ಇನ್ನೊಂದರಲ್ಲಿ ಅದು ಬಳಸಿಕೊಂಡು ಕೆಳಗಿನ ಸಂದಿಗೆ ಸೇರುತ್ತದೆ. ಮೊಟ್ಟೆ ಅತ್ತ ಹರಿದರೂ ಪರಾಠದೊಳಗೇ ಇರುತ್ತದೆ. ಕಾದುಕೊಳ್ಳಬೇಕಾದದ್ದು ದುಂಡಂಚೊಂದನ್ನೇ. ಒಂದು ದುಂಡು ಕಾಗದವನ್ನು ಹೀಗೆ ಮಡಚಿ ಬೆರಳಾಡಿಸಿದರೆ ಇದು ಸ್ಪಷ್ಟವಾಗುತ್ತದೆ.

ಮಡಚಿದ ಮೇಲೆ ಲಟ್ಟಣಿಗೆಯನ್ನು ಹಗುರವಾಗಿ ಆಡಿಸಬೇಕು. ಒತ್ತಿ ತೆಳ್ಳಗೆ ಮಾಡಿದರೆ ಪದರಗಳು ಒಂದಕ್ಕೊಂದು ಅಂಟಿ ಸಂದೇ ಉಳಿಯುವುದಿಲ್ಲ. ಮಧ್ಯಮ ಉರಿಯಲ್ಲಿ ಕಾದ ಕಾವಲಿಗೆ ಹಾಕಿ, ಬಣ್ಣ ಬದಲಾದೊಡನೆ ಮಗುಚಿದರೆ ಮೇಲಿನ ಪದರ ಹಬೆಗೆ ಏಳುತ್ತದೆ. ಈ ಹಬೆ ದೋಷವನ್ನೂ ತೋರಿಸುತ್ತದೆ. ಮೈಮೇಲೆ ಎಲ್ಲಾದರೂ ಸಣ್ಣಗೆ ಹಬೆ ಚಿಮ್ಮಿದರೆ ಅಲ್ಲಿ ತೂತಿದೆ ಎಂದರ್ಥ. ತೂತಿರುವ ಮಗ್ಗುಲು ಮೇಲಿರುವಾಗಲೇ ಮೊಟ್ಟೆ ಹಾಕಬೇಕು. ಪದರ ಎದ್ದೇ ಇಲ್ಲದಿದ್ದರೆ ಚಾಕುವಿನಿಂದ ಸೀಳಲು ಹೋಗದೆ, ಮೊಟ್ಟೆಯನ್ನು ಬೇರೆ ಬೇಯಿಸಿಕೊಳ್ಳುವುದೇ ಸರಿ.

ಒಂದು ಪರಾಠಕ್ಕೆ ಒಂದೇ ಮೊಟ್ಟೆ. ಈರುಳ್ಳಿ, ಹಸಿಮೆಣಸಿನಕಾಯಿಯನ್ನು ತೀರ ಸಣ್ಣಗೆ ಹೆಚ್ಚಿರಬೇಕು. ದಪ್ಪ ಹೋಳು ಬಾಯಿಯಲ್ಲಿ ಸಿಕ್ಕಿಕೊಂಡು ಅಂಚನ್ನು ಕೂಡಲು ಬಿಡುವುದಿಲ್ಲ. ಉಪ್ಪನ್ನು ಸುರಿಯುವ ಮುಂಚೆಯಷ್ಟೇ ಬೆರೆಸಬೇಕು. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಮಿಶ್ರಣ ತೆಳ್ಳಗಾಗುತ್ತದೆ. ಉರಿ ತಗ್ಗಿಸಿ, ದುಂಡಂಚನ್ನು ಸಟ್ಟುಗದಿಂದ ಎತ್ತಿ ಹಿಡಿದು, ಮೊಟ್ಟೆಯನ್ನು ಎರಡು ಸಲವಾಗಿ ಇಳಿಬಿಡಬೇಕು. ತಳದ ಮೊಟ್ಟೆ ಗಟ್ಟಿಯಾಗುವ ತನಕ ಅಂಚನ್ನು ಕೆಳಗಿಳಿಸಬಾರದು. ಆಮೇಲೆ ಬಾಯಿಯನ್ನು ಒತ್ತಿದರೆ ಅಲ್ಲಿ ಹತ್ತಿದ ಮೊಟ್ಟೆಯೇ ಬೆಂದು ಅಂಚನ್ನು ಅಂಟಿಸುತ್ತದೆ. ತುಪ್ಪ ಹಾಕುವುದು ಆನಂತರ. ಮೊದಲೇ ಹಾಕಿದರೆ ಅಂಚು ಜಾರುತ್ತದೆ. ಮಗುಚಿ, ನಡುವೆ ಸಟ್ಟುಗದಿಂದ ಮೆಲ್ಲಗೆ ಒತ್ತಿ ನೋಡಬೇಕು. ಒಳಗೆ ಏನೂ ಅಲುಗದೆ ಗಟ್ಟಿಯಾಗಿ ತಡೆದರೆ ಬೆಂದಿದೆ.

ಈ ಕ್ರಮದ ಮಿತಿ ಇದರ ರಚನೆಯಲ್ಲೇ ಇದೆ. ಎರಡು ಮೊಟ್ಟೆಯಾಗಲಿ, ಕೈಮಾ ತುಂಬುವುದಾಗಲಿ ಇಲ್ಲಿ ಸಾಗದು. ಅಷ್ಟು ತೂಕಕ್ಕೆ ಮೇಲಿನ ಒಂಟಿ ಪದರ ಹರಿಯುತ್ತದೆ. ಅದಕ್ಕೆ ಮೊಗಲಾಯಿ ಪರಾಠದ ಕ್ರಮವೇ ಸರಿ. ಹತ್ತು ಜನಕ್ಕೆ ಒಟ್ಟಿಗೆ ಮಾಡಬೇಕಾದಾಗಲೂ ಹೊರಗೆ ಸುರಿಯುವ ಬಗೆ ಬೇಗ ಮುಗಿಯುತ್ತದೆ. ಆದರೆ ಮನೆಯ ಒಲೆಯ ಮುಂದೆ ಒಂದೊಂದಾಗಿ ಬೇಯಿಸುವಾಗ, ಮೇಲೆ ಗರಿಗರಿ ಪದರ, ಒಳಗೆ ಮೆತ್ತನೆಯ ಮೊಟ್ಟೆ ಎರಡನ್ನೂ ಒಂದೇ ತುತ್ತಿನಲ್ಲಿ ಕೊಡುವುದು ಮೇಲಿನ ಸಂದಿಗೆ ಸುರಿದ ಈ ಪರಾಠವೇ.