ಕೋಷ್ಟಕದೊಳಗಿನ ಕಿರುರೇಖೆ: ಅಳತೆಗೋಲಿನ ಪ್ರಶ್ನೆ

ಇನ್ನೂರು ಬಗೆಯ ಸರಕುಗಳನ್ನು ಮಾರುವ ಅಂಗಡಿಯೊಂದರ ಹನ್ನೆರಡು ತಿಂಗಳ ಮಾರಾಟವನ್ನು ಕೋಷ್ಟಕವಾಗಿ ಬರೆದರೆ ಅದರಲ್ಲಿ 2400 ಸಂಖ್ಯೆಗಳಿರುತ್ತವೆ. ಬೇಕಾದ ಸಂಖ್ಯೆಯನ್ನು ಹುಡುಕಿ ಓದಬಹುದು. ಆದರೆ ಯಾವ ಸರಕು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂಬುದು ಕಣ್ಣಿಗೆ ಗೋಚರವಾಗುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ನಕ್ಷೆಯನ್ನು ಬರೆದರೆ ಏರಿಳಿತವೇನೋ ಕಾಣುತ್ತದೆ. ಆದರೆ ಅವನ್ನೆಲ್ಲ ಒಟ್ಟಿಗೆ ನೋಡುವ ಅನುಕೂಲವು ತಪ್ಪಿಹೋಗುತ್ತದೆ. ಈ ಎರಡರ ನಡುವಣ ಉಪಾಯವೆಂದರೆ, ಕೋಷ್ಟಕದ ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ ಒಂದು ಪದದಷ್ಟೇ ದೊಡ್ಡದಾದ ರೇಖೆಯನ್ನು ಎಳೆಯುವುದು. ಇದಕ್ಕೆ ‘ಸ್ಪಾರ್ಕ್‌ಲೈನ್’ ಎಂಬ ಹೆಸರನ್ನು ಕೊಟ್ಟು, 2006ರಲ್ಲಿ ಪ್ರಕಟವಾದ ‘ಬ್ಯೂಟಿಫುಲ್ ಎವಿಡೆನ್ಸ್’ ಎಂಬ ಗ್ರಂಥದಲ್ಲಿ ವಿವರವಾಗಿ ವಿವೇಚಿಸಿದವರು ಅಮೆರಿಕದ ಎಡ್ವರ್ಡ್ ಟಫ್ಟಿಯವರು. ಇಲ್ಲಿ ನಾವು ಇದನ್ನು ಕಿರುರೇಖೆ ಎಂದು ಕರೆಯೋಣ. 2010ರ ಎಕ್ಸೆಲ್ ಆವೃತ್ತಿಯಲ್ಲಿ ಇದಕ್ಕೆ ಸ್ಥಾನ ದೊರೆತ ಮೇಲೆ, ಇದು ಗುಮಾಸ್ತರ ಮತ್ತು ವಿದ್ಯಾರ್ಥಿಗಳ ಕೈಗೂ ಬಂದಿತು.

ಕಿರುರೇಖೆಗೆ ಅಕ್ಷಗಳಿಲ್ಲ, ಅಂಕಿಗಳಿಲ್ಲ. ಹಾಗಾದರೆ ಅದರ ಎತ್ತರಕ್ಕೆ ಅರ್ಥವೇನು? ಈ ಪ್ರಶ್ನೆಗೆ ಟಫ್ಟಿಯವರ ಮೂಲ ಮಾದರಿಯಲ್ಲಿ ಉತ್ತರವಿದೆ. ರೋಗಿಯ ರಕ್ತದ ಗ್ಲೂಕೋಸ್ ಪ್ರಮಾಣವನ್ನು ತೋರಿಸುವಾಗ ಅವರು ರೇಖೆಯ ಹಿಂದೆ ಆರೋಗ್ಯವಂತರ ಮಿತಿಯನ್ನು ಸೂಚಿಸುವ ಬೂದುಬಣ್ಣದ ಪಟ್ಟಿಯೊಂದನ್ನು ಇಟ್ಟು, ಕೊನೆಯ ಬಿಂದುವಿಗೆ ಬಣ್ಣ ಕೊಟ್ಟು, ಅದೇ ಬಣ್ಣದಲ್ಲಿ ಅದರ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯುತ್ತಾರೆ. ಅಂದರೆ ಅಕ್ಷವಿಲ್ಲದಿದ್ದರೂ ಅಳತೆಗೋಲು ಇಲ್ಲದೆ ಹೋಗಿಲ್ಲ. ಆ ಪಟ್ಟಿಯೇ ಅಳತೆಗೋಲು. ಎಕ್ಸೆಲ್‌ನ ಕಿರುರೇಖೆಯಲ್ಲಿ ಈ ಪಟ್ಟಿಗೆ ಏರ್ಪಾಡಿಲ್ಲ. ರೇಖೆಯು ಬಂದಿತು, ಅದಕ್ಕೆ ಅರ್ಥವನ್ನು ಕೊಡುತ್ತಿದ್ದ ಹಿನ್ನೆಲೆಯು ಹಿಂದೆ ಉಳಿಯಿತು. ಇದರ ಪರಿಣಾಮವೇನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ಪರೀಕ್ಷಿಸಬಹುದು.

ಒಂದು ಅಂಗಡಿಯಲ್ಲಿ ಮೂರು ಸರಕುಗಳಿವೆಯೆಂದು ಇಟ್ಟುಕೊಳ್ಳೋಣ. ಅಕ್ಕಿಯ ಮಾರಾಟವು ತಿಂಗಳಿಗೆ 980ರಿಂದ 1020 ಮೂಟೆಗಳವರೆಗೆ, ಸರಾಸರಿ 1000. ನೋಟ್‌ಬುಕ್ಕುಗಳು ಬೇಸಗೆಯಲ್ಲಿ 20 ಡಜನ್, ಶಾಲೆ ತೆರೆಯುವ ಜೂನಿನಲ್ಲಿ 120 ಡಜನ್, ಸರಾಸರಿ 40. ಕೊಡೆಗಳು ಜನವರಿಯಲ್ಲಿ 10, ಮಳೆ ಹಿಡಿಯುವ ಜೂನಿನಲ್ಲಿ 410, ಸರಾಸರಿ 100. ಕೋಷ್ಟಕದ ಒಂದು ಸಾಲಿನಲ್ಲಿ ರೇಖೆಗೆ ದೊರೆಯುವ ಎತ್ತರವು ಪರದೆಯ 16 ಪಿಕ್ಸೆಲ್ ಎಂದು ಭಾವಿಸೋಣ.

ನಾವು ಬೇರೆ ಏನನ್ನೂ ಸೂಚಿಸದಿದ್ದರೆ ಎಕ್ಸೆಲ್ ಅನುಸರಿಸುವುದು `Automatic for Each Sparkline` ಎಂಬ ಕ್ರಮವನ್ನು. ಇದರಲ್ಲಿ ಪ್ರತಿಯೊಂದು ಸಾಲಿನ ಕನಿಷ್ಠ ಸಂಖ್ಯೆಯು ಕೋಶದ ತಳವನ್ನೂ ಗರಿಷ್ಠ ಸಂಖ್ಯೆಯು ಮೇಲಂಚನ್ನೂ ಮುಟ್ಟುತ್ತದೆ. ಅಕ್ಕಿಯ 40 ಮೂಟೆಗಳ ವ್ಯತ್ಯಾಸಕ್ಕೂ 16 ಪಿಕ್ಸೆಲ್, ಕೊಡೆಗಳ 400ರ ವ್ಯತ್ಯಾಸಕ್ಕೂ 16 ಪಿಕ್ಸೆಲ್. ಸರಾಸರಿಯಿಂದ ಶೇಕಡ ಎರಡರಷ್ಟು ಮಾತ್ರ ಅತ್ತಿತ್ತ ಸರಿಯುವ ಅಕ್ಕಿಯು ಬೆಟ್ಟ ಹತ್ತಿ ಕಣಿವೆಗೆ ಇಳಿದಂತೆ ತೋರುತ್ತದೆ. ಇದನ್ನು ನಂಬಿ ಕಳೆದ ತಿಂಗಳ ‘ಕುಸಿತ’ಕ್ಕಾಗಿ ಅಕ್ಕಿಯ ಖರೀದಿಯನ್ನು ಕಡಮೆ ಮಾಡುವ ವ್ಯಾಪಾರಿಯು ನಷ್ಟಕ್ಕೆ ಗುರಿಯಾಗುವುದು ಖಂಡಿತ.

ಇದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಹೇಳುವುದು `Same for All Sparklines` ಎಂಬ ಇನ್ನೊಂದು ಕ್ರಮವನ್ನು. ಈಗ ಎಲ್ಲ ಸಾಲುಗಳಿಗೂ 10ರಿಂದ 1020ರವರೆಗಿನ ಒಂದೇ ಅಳತೆಗೋಲು. ಆದರೆ ಒಂದು ಪಿಕ್ಸೆಲ್ ಸುಮಾರು 63ಕ್ಕೆ ಸಮನಾಗುವುದರಿಂದ ನೋಟ್‌ಬುಕ್ಕಿನ ಆರು ಪಟ್ಟಿನ ಏರಿಕೆಯೂ ಒಂದೂವರೆ ಪಿಕ್ಸೆಲಿನಲ್ಲಿ ಅಡಗಿಹೋಗುತ್ತದೆ. ಇದಕ್ಕಿಂತಲೂ ಮೂಲಭೂತವಾದ ದೋಷವೊಂದಿದೆ: ಮೂಟೆ, ಡಜನ್, ಬಿಡಿ ಕೊಡೆ, ಇವು ಒಂದೇ ಮಾನದವುಗಳಲ್ಲ. ಅವನ್ನು ಒಂದೇ ಕೋಲಿನಿಂದ ಅಳೆಯುವುದಕ್ಕೆ ಅರ್ಥವಿಲ್ಲ.

ಆದುದರಿಂದ ಅಳೆಯುವುದಕ್ಕೆ ಮೊದಲು ಸಂಖ್ಯೆಗಳನ್ನೇ ಒಂದು ಮಾನಕ್ಕೆ ತರಬೇಕು. ಪ್ರತಿ ತಿಂಗಳ ಮಾರಾಟವನ್ನು ಅದೇ ಸರಕಿನ ವಾರ್ಷಿಕ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸೂಚ್ಯಂಕವು ದೊರೆಯುತ್ತದೆ. ಜನವರಿಯಿಂದ ಡಿಸೆಂಬರ್‌ವರೆಗಿನ ಸಂಖ್ಯೆಗಳು ಎರಡನೆಯ ಸಾಲಿನಲ್ಲಿ B2ರಿಂದ M2ರವರೆಗೆ ಇದ್ದರೆ ಸೂತ್ರವು ಹೀಗಿರುತ್ತದೆ:

```
=B2/AVERAGE($B2:$M2)*100
```

ಹೀಗೆ ಮಾಡಿದಾಗ ಅಕ್ಕಿಯ ಸೂಚ್ಯಂಕವು 98ರಿಂದ 102, ನೋಟ್‌ಬುಕ್ಕಿನದು 50ರಿಂದ 300, ಕೊಡೆಯದು 10ರಿಂದ 410. ಈ ಸೂಚ್ಯಂಕಗಳಿಗೆ ಸೊನ್ನೆಯಿಂದ 410ರವರೆಗಿನ ಒಂದೇ ಅಳತೆಗೋಲನ್ನು ಕೊಡತಕ್ಕದ್ದು. ಮೂರು ಕ್ರಮಗಳಲ್ಲಿ ರೇಖೆಯು ಎಷ್ಟು ಪಿಕ್ಸೆಲ್ ಎತ್ತರದಲ್ಲಿ ಆಡುತ್ತದೆಂಬುದನ್ನು ಹೋಲಿಸಿ ನೋಡಬಹುದು:

| ಸರಕು | ಪ್ರತ್ಯೇಕ ಅಳತೆ | ಒಂದೇ ಅಳತೆ | ಸೂಚ್ಯಂಕದ ಅಳತೆ |
|---|---|---|---|
| ಅಕ್ಕಿ | 16 | 1ಕ್ಕಿಂತ ಕಡಮೆ | 1ಕ್ಕಿಂತ ಕಡಮೆ |
| ನೋಟ್‌ಬುಕ್ | 16 | ಸುಮಾರು 1½ | ಸುಮಾರು 10 |
| ಕೊಡೆ | 16 | ಸುಮಾರು 6 | ಸುಮಾರು 16 |

ಕೊನೆಯ ಕ್ರಮದಲ್ಲಿ ಮಾತ್ರ ರೇಖೆಗಳು ಸರಕುಗಳ ಸ್ವಭಾವವನ್ನು ಹೇಳುತ್ತವೆ: ಅಕ್ಕಿ ನೇರವಾಗಿದೆ, ನೋಟ್‌ಬುಕ್ ಏರುತ್ತದೆ, ಕೊಡೆ ಇನ್ನೂ ಹೆಚ್ಚಾಗಿ ಏರುತ್ತದೆ. ಸಾಲಿನಿಂದ ಸಾಲಿಗೆ ಕಣ್ಣನ್ನು ಇಳಿಸಿದರೆ ಎರಡು ಏರಿಕೆಗಳೂ ಜೂನಿನಲ್ಲಿಯೇ ಎಂಬುದು ಹೊಳೆಯುತ್ತದೆ.

ಈ ಕ್ರಮಕ್ಕೂ ಮಿತಿಗಳಿವೆ. ಸೂಚ್ಯಂಕವು ಗಾತ್ರವನ್ನು ಮರೆಸುತ್ತದೆ. ತಿಂಗಳಿಗೆ ಒಂದೋ ಮೂರೋ ಮಾರಾಟವಾಗುವ ಗಡಿಯಾರದ ರೇಖೆಯು 50ರಿಂದ 150ರವರೆಗೆ ಕುಣಿಯುತ್ತದೆ. ಅದು ಪ್ರವೃತ್ತಿಯಲ್ಲ, ಬರಿಯ ಆಕಸ್ಮಿಕ. ಆದಕಾರಣ ರೇಖೆಯ ಪಕ್ಕದಲ್ಲಿ ವರ್ಷದ ಒಟ್ಟು ಮಾರಾಟ ಮತ್ತು ಕೊನೆಯ ತಿಂಗಳ ಸಂಖ್ಯೆ ಇರಲೇಬೇಕು. ಕೋಷ್ಟಕದೊಳಗೆ ರೇಖೆಯನ್ನು ಇಡುವುದರ ಪ್ರಯೋಜನವೂ ಇದೇ ಅಲ್ಲವೆ? ಇನ್ನು, ಎಲ್ಲಕ್ಕಿಂತ ಮಿಗಿಲಾಗಿ ಏರುವ ಒಂದೇ ಸರಕು ಉಳಿದವುಗಳನ್ನು ಅದುಮುವುದೂ ಉಂಟು. ಹಾಗಿದ್ದಲ್ಲಿ ಕೊಡೆಯಂತಹ ಋತುಮಾನದ ಸರಕುಗಳನ್ನು ಬೇರೆ ಗುಂಪಾಗಿ ಇಟ್ಟು, ಗುಂಪಿನ ತಲೆಯಲ್ಲಿ ಅಳತೆಗೋಲನ್ನು ಬರೆಯುವುದು ಲೇಸು.

ಅಂಕಿಗಳ ದೋಷವು ರೇಖೆಯಲ್ಲಿ ಪ್ರವೃತ್ತಿಯ ವೇಷದಲ್ಲಿ ಕಾಣಿಸಿಕೊಳ್ಳುವುದನ್ನೂ ಗಮನಿಸಬೇಕು. ಲೆಕ್ಕ ಬಾರದ ತಿಂಗಳಿಗೆ ಸೊನ್ನೆಯನ್ನು ಬರೆದರೆ ರೇಖೆಯು ಪಾತಾಳಕ್ಕೆ ಇಳಿದು ಮೇಲೇಳುತ್ತದೆ. ಆ ಕೋಶವನ್ನೂ ಅದರ ಸೂಚ್ಯಂಕದ ಕೋಶವನ್ನೂ ಸೂತ್ರವಿಲ್ಲದೆ ಖಾಲಿ ಬಿಟ್ಟರೆ ಎಕ್ಸೆಲ್ ಅಲ್ಲಿ ತೆರಪನ್ನು ತೋರಿಸುತ್ತದೆ, ಅದೇ ಸತ್ಯ. ಸೆಪ್ಟೆಂಬರಿನಲ್ಲಿ ಬಂದ ಹೊಸ ಸರಕಿಗೆ ನಾಲ್ಕೇ ತಿಂಗಳ ಕೋಶಗಳನ್ನು ತೋರಿಸಿದರೆ ಅದರ ರೇಖೆಯು ಇಡೀ ಅಗಲಕ್ಕೆ ಹಿಗ್ಗಿ, ನೆರೆಯ ಸಾಲುಗಳ ತಿಂಗಳುಗಳೊಡನೆ ಹೊಂದುವುದಿಲ್ಲ. ಹನ್ನೆರಡೂ ಕೋಶಗಳನ್ನು ಕೊಟ್ಟು ಮೊದಲಿನ ಎಂಟನ್ನು ಖಾಲಿ ಬಿಡಬೇಕು. ಎಲ್ಲ ಸಾಲುಗಳೂ ಕೊನೆಯಲ್ಲಿ ಒಟ್ಟಿಗೆ ಬಾಗಿದ್ದರೆ, ವ್ಯಾಪಾರವು ಕುಸಿಯಿತೆಂದು ತೀರ್ಮಾನಿಸುವ ಮೊದಲು ಆ ತಿಂಗಳು ಪೂರ್ತಿಯಾಗಿದೆಯೇ ಎಂದು ನೋಡಬೇಕು.

ಪ್ರತ್ಯೇಕ ಅಳತೆಯು ಸಂಪೂರ್ಣವಾಗಿ ತ್ಯಾಜ್ಯವೆಂದು ನಮ್ಮ ಅಭಿಪ್ರಾಯವಲ್ಲ. ‘ಈ ಸರಕು ಯಾವಾಗ ಏರಿತು?’ ಎಂಬ ಪ್ರಶ್ನೆಗೆ ಅದು ತಕ್ಕ ಉತ್ತರವನ್ನೇ ಕೊಡುತ್ತದೆ. ‘ಯಾವ ಸರಕು ಹೆಚ್ಚು ಏರಿತು?’ ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ. ಕೋಷ್ಟಕದಲ್ಲಿ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟಾಗ ಓದುಗನು ಸಹಜವಾಗಿ ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ. ಪರೀಕ್ಷೆಯು ಸುಲಭ: ಸಂಖ್ಯೆಗಳನ್ನು ಕಾಗದದಿಂದ ಮುಚ್ಚಿ, ಯಾವುದು ಹೆಚ್ಚು ಏರಿಳಿದಿದೆಯೆಂದು ಗೆಳೆಯನೊಬ್ಬನನ್ನು ಕೇಳಿ, ಅನಂತರ ಕಾಗದವನ್ನು ಸರಿಸಿ ನೋಡುವುದು. ಅವನ ಉತ್ತರವು ತಪ್ಪಾಗಿದ್ದರೆ ದೋಷವು ಅವನದಲ್ಲ, ಅಳತೆಗೋಲನ್ನು ಆರಿಸದೆ ಬಿಟ್ಟವರದು.