ಓದಬೇಕಾದದ್ದು ಬೂಟಿನ ಅಳತೆಯನ್ನು

ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಭಾವ ಹೋದ ತಿಂಗಳು ಫೋನ್ ಮಾಡಿದ್ದರು. ‘ಹತ್ತು ವರ್ಷದಿಂದ ಕುರ್ಚಿಯಲ್ಲೇ ಕೂತಿದ್ದೀನಿ ಕಣೋ, ಚಾರಣ ಶುರು ಮಾಡಬೇಕು. ಮೊದಲು ಯಾವ ಪುಸ್ತಕ ಓದಲಿ?’ ನಾನು ಎರಡು ಹೆಸರು ಹೇಳಿದೆ: ಶೆರಿಲ್ ಸ್ಟ್ರೇಡ್ ಅವರ ‘ವೈಲ್ಡ್’ ಮತ್ತು ಬಿಲ್ ಬ್ರೈಸನ್ ಅವರ ‘ಎ ವಾಕ್ ಇನ್ ದ ವುಡ್ಸ್’. ಆಮೇಲೆ, ಅವನ್ನು ಹೇಗೆ ಓದಬೇಕೆಂದು ಹೇಳಲಿಲ್ಲವಲ್ಲ ಎಂದು ಪೇಚಾಡಿದೆ.

ಸ್ಟ್ರೇಡ್ 1995ರಲ್ಲಿ ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಹಾದಿಯಲ್ಲಿ ಸುಮಾರು 1,100 ಮೈಲಿ ಒಬ್ಬರೇ ನಡೆದರು. ಪುಸ್ತಕ ಬಂದದ್ದು 2012ರಲ್ಲಿ. ತಾಯಿಯ ಸಾವು, ಮುರಿದ ಮದುವೆ, ಕಿತ್ತುಹೋದ ಕಾಲುಗುರು, ಎಲ್ಲವೂ ಆ ಬರವಣಿಗೆಯಲ್ಲಿ ಒಂದೇ ನೋವಾಗಿ ಬೆರೆಯುತ್ತವೆ. ಅದೇ ಆ ಪುಸ್ತಕದ ಶಕ್ತಿ, ಹೊಸಬರಿಗೆ ಅದೇ ಅಪಾಯ. ಕಾಲು ರಕ್ತವಾಗದೆ ನಡಿಗೆ ಸಾರ್ಥಕವಲ್ಲ ಎಂದು ಓದುಗ ನಂಬಿಬಿಡಬಹುದು. ಆದರೆ ಉಗುರು ಕಿತ್ತದ್ದು ದುಃಖದಿಂದಲ್ಲ, ಬೂಟು ಚಿಕ್ಕದಾದ್ದರಿಂದ. ಹೊರಡುವ ದಿನ ಎತ್ತಲಾಗದಿದ್ದ ಚೀಲಕ್ಕೂ ಮುಂದೆ ಸಿಕ್ಕ ಪರಿಹಾರ ಸರಳವಾಗಿತ್ತು: ಅನುಭವಿ ಚಾರಣಿಗರೊಬ್ಬರು ಕೂತು, ಬೇಡದ್ದನ್ನೆಲ್ಲ ತೆಗೆಸಿದರು.

ಬ್ರೈಸನ್ (1998) ಇದೇ ಭಾರವನ್ನು ನಗೆಯಾಗಿಸುತ್ತಾರೆ. ಜೊತೆಗಾರ ಕಾಟ್ಜ್ ಮೊದಲ ದಿನವೇ ಸಿಟ್ಟಿನಲ್ಲಿ ಚೀಲದ ಸಾಮಾನು ಎಸೆಯುತ್ತಾನೆ, ಅದರಲ್ಲಿ ತಿನ್ನುವ ಪದಾರ್ಥಗಳೂ ಹೋಗುತ್ತವೆ. ನಕ್ಕು ಮುಗಿದ ಮೇಲೆ ಗಮನಿಸಬೇಕಾದದ್ದು, ದಣಿದವನು ಬೇಕಾದದ್ದನ್ನೂ ಬೇಡದ್ದನ್ನೂ ಬೇರೆ ಮಾಡಲಾರ ಎಂಬುದು. ಆ ಲೆಕ್ಕ ಮನೆಯಲ್ಲೇ ಆಗಬೇಕು. ಇವರಿಬ್ಬರೂ ಅಪಲೇಚಿಯನ್ ಹಾದಿಯನ್ನು ಪೂರ್ತಿ ನಡೆಯಲಿಲ್ಲ. ನಡುವೆ ದೊಡ್ಡ ಭಾಗವನ್ನು ಬಿಟ್ಟು, ವಾಹನದಲ್ಲಿ ಮುಂದೆ ಹೋದರು. ಅದನ್ನು ಮುಚ್ಚಿಡದೆ ಬರೆದದ್ದರಿಂದಲೇ ಕಚೇರಿಯಲ್ಲಿ ದುಡಿಯುವವರಿಗೆ ನಾನು ಇದನ್ನು ಮೊದಲು ಕೊಡುತ್ತೇನೆ. ಎರಡು ದಿನದ ರಜೆಯವನಿಗೆ ಅರ್ಧಕ್ಕೆ ಹಿಂದಿರುಗುವುದೂ ಕಲಿಯಬೇಕಾದ ವಿದ್ಯೆಯೇ.

ಹೋದ ಭಾನುವಾರ ಭಾವನ ಮನೆಗೆ ಹೋದೆ. ಒಂದು ದಿನದ ಬೆಟ್ಟಕ್ಕೆ ಕಟ್ಟಿಟ್ಟ ಚೀಲ ತೂಕದ ಯಂತ್ರದಲ್ಲಿ 11 ಕಿಲೋ ತೋರಿಸಿತು. ಒಂದು ದಿನದ ನಡಿಗೆಗೆ ದೇಹತೂಕದ ಹತ್ತನೇ ಒಂದು ಭಾಗದ ಆಸುಪಾಸು ಸಾಕೆನ್ನುವುದು ರೂಢಿ. ಭಾವ 65 ಕಿಲೋ, ಅಂದರೆ ಆರೂವರೆ. ಜೀನ್ಸ್, ದಪ್ಪ ಟವೆಲ್, ಎರಡನೇ ಜೊತೆ ಶೂ, ದೊಡ್ಡ ಪವರ್ ಬ್ಯಾಂಕ್ ಹೊರಬಂದವು. ಮೂರು ಲೀಟರ್ ನೀರು ಉಳಿಯಿತು, ಅದೇ ಮೂರು ಕಿಲೋ. ಆಮೇಲೆ ಹೊಸ ಬೂಟು ಹಾಕಿಸಿ, ಲೇಸ್ ಬಿಗಿದು, ಮೂರು ಮಹಡಿ ಇಳಿಸಿದೆ. ಏರುವಾಗ ಸುಮ್ಮನಿದ್ದ ಬೂಟು ಇಳಿಯುವಾಗ ನಿಜ ಹೇಳುತ್ತದೆ. ಹೆಬ್ಬೆರಳು ಮುಂದಕ್ಕೆ ತಾಗುತ್ತಿತ್ತು. ಸಂಜೆ, ಪಾದ ಊದಿರುವ ಹೊತ್ತಿಗೆ ಅಂಗಡಿಗೆ ಹೋಗಿ ಒಂದು ಅಳತೆ ದೊಡ್ಡದು ತಂದೆವು.

‘ಇಷ್ಟನ್ನು ಹೇಳೋಕೆ ಆಕೆ ಒಂದಿಡೀ ಪುಸ್ತಕ ಬರೆದರಾ?’ ಎಂದರು ಭಾವ. ಇಲ್ಲ, ಆಕೆ ಬರೆದದ್ದು ತಾಯಿಯ ಬಗ್ಗೆ. ಬೂಟಿನ ಕಥೆ ನಮ್ಮಂಥವರು ಹೆಕ್ಕಿಕೊಳ್ಳಬೇಕಾದದ್ದು.