ಮೊದಲ ಫೋನಿನಲ್ಲಿ ಕೇಳಬೇಕಾದದ್ದು

ಹೂಡೆ, ಕೆಮ್ಮಣ್ಣು ಕಡೆ ಬಾಡಿಗೆ ಮನೆ ಕೇಳಿ ಫೋನ್ ಮಾಡಿದವರಿಗೆ ಸಿಗುವ ಮೊದಲ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ನಿಮಗೆ ಊರು ಎಲ್ಲಿ ಆಯ್ತು? ಯಾವ ಜನ? ಫ್ಯಾಮಿಲಿಯಾ, ಬ್ಯಾಚುಲರಾ?" ಅಷ್ಟರಲ್ಲೇ ಎಷ್ಟೋ ಕರೆಗಳು ಮುಗಿದುಹೋಗುತ್ತವೆ. ಯಜಮಾನರು ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ, ಬೀಗದ ಕೈ ಊರಿನಲ್ಲಿರುವ ಭಾವನ ಹತ್ತಿರ ಇರುತ್ತದೆ. ಬಂದವರಿಗೆಲ್ಲ ಮನೆ ತೋರಿಸಲು ಭಾವನಿಗೂ ಪುರುಸೊತ್ತಿಲ್ಲ. ಹಾಗಾಗಿ ಫೋನಿನಲ್ಲೇ ಜನರನ್ನು ಆರಿಸಿಕೊಳ್ಳಬೇಕೆನ್ನುವುದು ತಪ್ಪಲ್ಲ. ನನ್ನ ತಕರಾರು ಪ್ರಶ್ನೆಗಳ ಬಗ್ಗೆ. ಜಾತಿ, ಧರ್ಮ ಕೇಳಿದರೆ ಬಾಡಿಗೆ ಸರಿಯಾಗಿ ಕೊಡುತ್ತಾರೋ, ಮನೆ ಚೆನ್ನಾಗಿ ಇಟ್ಟುಕೊಳ್ಳುತ್ತಾರೋ ಎಂಬುದು ಗೊತ್ತಾಗುವುದಿಲ್ಲ. ಒಳ್ಳೆಯ ಬಾಡಿಗೆದಾರ ಬೇರೆಡೆಗೆ ಹೋಗುತ್ತಾನೆ, ನಾಲ್ಕು ತಿಂಗಳಲ್ಲಿ ಮನೆ ಬಿಡುವವನು ಒಳಗೆ ಬರುತ್ತಾನೆ.

ನಮ್ಮ ಕಡೆ ಬಾಡಿಗೆ ಕೆಡುವುದು ಹೆಚ್ಚಾಗಿ ನೀರು, ದಾರಿ, ತಿಂಗಳು ಈ ಮೂರರಿಂದ. ಸಮುದ್ರಕ್ಕೂ ಸ್ವರ್ಣಾ ನದಿಗೂ ನಡುವಿನ ಈ ಪಟ್ಟಿಯಲ್ಲಿ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ನವೆಂಬರಿನಲ್ಲಿ ಮನೆ ನೋಡಿ ಒಪ್ಪಿದವನಿಗೆ ಇದು ಗೊತ್ತಾಗುವುದು ಏಪ್ರಿಲಿನಲ್ಲಿ. ಆಗ ಜಗಳ, ಅಡ್ವಾನ್ಸ್ ವಾಪಸು ಕೊಡಿ ಎಂಬ ಮಾತು.

ಎರಡು ರೂಮಿನ, 500 ಲೀಟರ್ ಟ್ಯಾಂಕಿನ ಒಂದು ಮನೆ ಎಂದುಕೊಳ್ಳೋಣ. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 100 ಲೀಟರ್ ಬೇಕು. ಇಬ್ಬರಿದ್ದರೆ ಒಮ್ಮೆ ತುಂಬಿದ ಟ್ಯಾಂಕು ಎರಡು ದಿನ ಸಾಕು. ಐದು ಜನ ಬಂದರೆ ದಿನಾ ಪಂಪು ಹಾಕಬೇಕು, ಬೇಸಿಗೆಯಲ್ಲಿ ಬಾವಿ ಅಷ್ಟು ಕೊಡುವುದಿಲ್ಲ. ಹಾಗಾಗಿ "ಫ್ಯಾಮಿಲಿಯಾ?" ಎಂದು ಕೇಳುವ ಬದಲು "ಒಟ್ಟು ಎಷ್ಟು ಜನ ಇರ್ತೀರಿ, ಶನಿವಾರ-ಭಾನುವಾರ ಬಂದು ನಿಲ್ಲುವವರೂ ಸೇರಿ?" ಎಂದು ಕೇಳುವುದೇ ಸರಿ. ಅದಕ್ಕೂ ಮೊದಲು ಯಜಮಾನರೇ ಹೇಳಿಬಿಡಬೇಕು: "ನೋಡಿ, ಏಪ್ರಿಲ್-ಮೇಯಲ್ಲಿ ಬಾವಿ ನೀರು ಕುಡಿಯಲಿಕ್ಕೆ ಆಗುವುದಿಲ್ಲ, ಬಾಡಿಗೆ ಇಷ್ಟು, ಅಡ್ವಾನ್ಸ್ ಇಷ್ಟು." ಆಗದವರು ತಾವಾಗಿಯೇ ಫೋನ್ ಇಡುತ್ತಾರೆ, ಯಾರಿಗೂ ಅವಮಾನವಿಲ್ಲ. ಮೀನು-ಮಾಂಸದ ವಿಷಯವೂ ಹಾಗೆಯೇ. ಮೇಲಿನ ಮಹಡಿಯಲ್ಲಿರುವ ಯಜಮಾನರಿಗೆ ಅದು ಆಗದಿದ್ದರೆ ಷರತ್ತನ್ನು ನೇರವಾಗಿ ಹೇಳಲಿ. ಜಾತಿ ಕೇಳಿ ಊಹಿಸುವುದು ಬೇಡ.

"ಕೆಲಸ ಎಲ್ಲಿ, ಹೋಗಿ ಬರುವುದು ಹೇಗೆ?" ಎಂಬುದು ಎರಡನೆಯ ಪ್ರಶ್ನೆ. ಮಣಿಪಾಲದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಇರುವ ನರ್ಸಿಗೆ ಸ್ವಂತ ಗಾಡಿ ಇಲ್ಲದಿದ್ದರೆ, ಕಡಿಮೆ ಬಾಡಿಗೆಯ ಆಸೆಗೆ ಹೂಡೆಗೆ ಬಂದರೂ ಬಸ್ಸಿಲ್ಲದ ಹೊತ್ತಿಗೆ ಕಷ್ಟ. ಕೆಲವೇ ತಿಂಗಳಲ್ಲಿ ಮಣಿಪಾಲದ ಹತ್ತಿರ ಮನೆ ಹುಡುಕುತ್ತಾಳೆ. ಈ ಪ್ರಶ್ನೆಯನ್ನು ಹೌದು-ಅಲ್ಲ ಎಂದು ಮುಗಿಸುವ ಹಾಗೆ ಕೇಳಬಾರದು. "ನೈಟ್ ಡ್ಯೂಟಿ ಇಲ್ಲ ಅಲ್ವಾ?" ಎಂದರೆ ಎದುರಿನವರಿಗೆ ಬೇಕಾದ ಉತ್ತರವನ್ನು ನಾವೇ ಹೇಳಿಕೊಟ್ಟಂತೆ.

ಮಲ್ಪೆಯ ಬೋಟುಗಳಲ್ಲಿ ದುಡಿಯುವವರಿಗೆ ಮನೆ ಇಲ್ಲ ಎನ್ನುವವರು ಬಹಳ. ಅವರಿಗೂ ಒಂದು ಪ್ರಶ್ನೆ ಸಾಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೊರರಾಜ್ಯದವರು ಹೆಚ್ಚಾಗಿ ಆಗ ಊರಿಗೆ ಹೋಗುತ್ತಾರೆ. "ಆ ಎರಡು ತಿಂಗಳು ಬಾಡಿಗೆ ಕೊಟ್ಟು ಮನೆ ಇಟ್ಟುಕೊಳ್ತೀರಾ, ಬಿಡ್ತೀರಾ?" ಎಂದು ಕೇಳಿದರೆ ಇಬ್ಬರಿಗೂ ಲೆಕ್ಕ ಸ್ಪಷ್ಟ. 11 ತಿಂಗಳ ಅಗ್ರಿಮೆಂಟಿಗೆ ಒಪ್ಪಿ ಜೂನಿನಲ್ಲಿ ಬೀಗ ಹಾಕಿ ಹೋದ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

"ಈಗಿನ ಮನೆ ಯಾಕೆ ಬಿಡ್ತಾ ಇದ್ದೀರಿ?" ಎಂಬುದನ್ನು ನಾನು ಎಂದೂ ಬಿಡುವುದಿಲ್ಲ. "ಓನರ್ ಸರಿ ಇಲ್ಲ" ಎಂಬ ಒಂದೇ ಉತ್ತರಕ್ಕೆ ಯಾರನ್ನೂ ತಳ್ಳಿಹಾಕಬಾರದು, ಅಂಥ ಓನರುಗಳು ಇದ್ದಾರೆ. ಆದರೆ ವಿಚಾರಿಸುವುದಾದರೆ ಅದಕ್ಕೂ ಹಿಂದಿನ ಮನೆಯವರ ನಂಬರು ಕೇಳಬೇಕು. ಈಗಿನ ಯಜಮಾನರಿಗೆ ಆ ಬಾಡಿಗೆದಾರರನ್ನು ಕಳಿಸಿದರೆ ಸಾಕು ಎನಿಸಿದ್ದರೆ ಹೊಗಳಿ ಹೇಳುವ ಸಾಧ್ಯತೆ ಉಂಟು. ಹಿಂದಿನವರಿಗೆ ಆ ಗರಜಿಲ್ಲ.

ಇನ್ನು, ಏನನ್ನೂ ಕೇಳದೆ ಎಲ್ಲಕ್ಕೂ ಒಪ್ಪುವವರ ಬಗ್ಗೆ ಎಚ್ಚರ ಬೇಕು. ಆನ್‌ಲೈನಿನಲ್ಲಿ ಹಾಕಿದ ಬಾಡಿಗೆ ಜಾಹೀರಾತು ನೋಡಿ, ತಾನು ಸೈನ್ಯದಲ್ಲಿದ್ದೇನೆ, ಇಲ್ಲಿಗೆ ವರ್ಗವಾಗಿದೆ ಎಂದು ಫೋನ್ ಮಾಡುವ ವಂಚನೆ ದೇಶದ ಹಲವೆಡೆ ನಡೆದಿದೆ. ಇಂಥವನು ಮನೆ ನೋಡಲು ಬರುವುದಿಲ್ಲ, ನೀರು ಹೇಗೆ ಎಂದು ಕೇಳುವುದಿಲ್ಲ, ಅಡ್ವಾನ್ಸ್ ಈಗಲೇ ಹಾಕುತ್ತೇನೆ ಎಂದು ಕ್ಯುಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ; ಪಿನ್ ಕೇಳಿತೆಂದರೆ ಹಣ ಹೋಗುವುದು ನಮ್ಮ ಖಾತೆಯಿಂದಲೇ. "ಮನೆ ನೋಡಲು ಯಾವಾಗ ಬರ್ತೀರಿ?" ಎಂದು ಕೇಳಿ. ಆತ ಮತ್ತೆ ಕ್ಯುಆರ್ ಕೋಡಿನ ಮಾತೇ ಎತ್ತಿದರೆ ಫೋನ್ ಇಟ್ಟು ನಂಬರ್ ಬ್ಲಾಕ್ ಮಾಡಿ.